ಹವಾಮಾನ ಮುನ್ಸೂಚನೆಯನ್ನು ಕನ್ನಡದಲ್ಲಿ ಬರೆಯುವ ಕ್ರಮ: ‘ಒಂದೆರಡು ಕಡೆ’ಯಿಂದ ‘ವಾಯುಭಾರ ಕುಸಿತ’ದವರೆಗೆ

ಭಾರತೀಯ ಹವಾಮಾನ ಇಲಾಖೆಯ ದೈನಂದಿನ ಮುನ್ಸೂಚನೆಯನ್ನು ಕನ್ನಡಕ್ಕೆ ತರುವವರು ಪತ್ರಿಕೆಯವರು ಮಾತ್ರವಲ್ಲ. ಪಂಚಾಯಿತಿಯ ಸೂಚನಾ ಫಲಕಕ್ಕೆ, ಮೀನುಗಾರರ ಸಂಘದ ವಾಟ್ಸಾಪ್ ಗುಂಪಿಗೆ, ಶಾಲೆಯ ಪ್ರಕಟಣೆಗೆ, ಊರಿನ ರೈತರಿಗೆ ಅದನ್ನು ತಿಳಿಸುವವರು ಬಹಳ ಮಂದಿ ಇದ್ದಾರೆ. ಇಲಾಖೆಯ ಇಂಗ್ಲಿಷ್ ವಾಕ್ಯದಲ್ಲಿ ಬರುವ ಪ್ರತಿಯೊಂದು ಪದಕ್ಕೂ ಒಂದು ಅಳತೆ ಗೊತ್ತುಮಾಡಲಾಗಿದೆ. ಕನ್ನಡಕ್ಕೆ ಬರುವಾಗ ಆ ಅಳತೆ ಕಳೆದುಹೋದರೆ ಓದುವವರ ಕೈಗೆ ಸಿಗುವುದು ‘ಮಳೆ ಬರಬಹುದು’ ಎಂಬಷ್ಟೇ ಸುದ್ದಿ. ಅಳತೆ ಕಳೆಯದಂತೆ ಬರೆಯುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ವಾಕ್ಯವನ್ನು ಬಿಡಿಸಿಕೊಳ್ಳುವುದು

ಮುನ್ಸೂಚನೆಯ ಒಂದು ವಾಕ್ಯ ಸಾಮಾನ್ಯವಾಗಿ ಐದು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಯಾವ ಪ್ರದೇಶದಲ್ಲಿ, ಆ ಪ್ರದೇಶದ ಎಷ್ಟು ಭಾಗದಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ಖಚಿತವಾಗಿ, ಯಾವ ಅವಧಿಯಲ್ಲಿ ಎಂಬುವೇ ಆ ಪ್ರಶ್ನೆಗಳು. ಅನುವಾದಕ್ಕೆ ಕೈಹಾಕುವ ಮೊದಲು ಈ ಐದು ಉತ್ತರಗಳನ್ನು ಒಂದು ಚೀಟಿಯಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಹೆಚ್ಚಿನ ತಪ್ಪುಗಳು ಆಗುವುದು ಕಠಿಣ ಪದದ ಅರ್ಥ ತಿಳಿಯದೆ ಅಲ್ಲ. ‘ಎಷ್ಟು ಭಾಗದಲ್ಲಿ’ ಎಂಬುದಕ್ಕೆ ಸೇರಬೇಕಾದ ಪದ ‘ಎಷ್ಟು ಪ್ರಮಾಣ’ ಎಂಬುದಕ್ಕೆ ಅಂಟಿಕೊಳ್ಳುವುದರಿಂದ.

ಪ್ರದೇಶದ ವಿಷಯದಲ್ಲಿ ಕಷ್ಟವಿಲ್ಲ. ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ನೋಡುತ್ತದೆ. ಈ ಹೆಸರುಗಳನ್ನೇ ಇಟ್ಟುಕೊಳ್ಳಬೇಕು. ‘ಮಲೆನಾಡು’ ಇಲಾಖೆಯ ಉಪವಿಭಾಗವಲ್ಲ. ಆದ್ದರಿಂದ ಮೂಲದಲ್ಲಿ ಜಿಲ್ಲೆಗಳ ಹೆಸರಿದ್ದರೆ ಅವನ್ನೇ ಬರೆಯುವುದು ಒಳ್ಳೆಯದು.

ಎರಡನೆಯ ಹಂತ: ಎಷ್ಟು ಭಾಗದಲ್ಲಿ ಮಳೆ ಎಂಬುದನ್ನು ಹೇಳುವುದು

ಅತಿ ಹೆಚ್ಚು ತಪ್ಪಾಗಿ ಕನ್ನಡಕ್ಕೆ ಬರುವ ಪದವೆಂದರೆ ‘ಐಸೊಲೇಟೆಡ್’. ನಿಘಂಟು ನೋಡಿ ಬರೆದವರು ಇದನ್ನು ‘ಪ್ರತ್ಯೇಕ ಮಳೆ’ ಎನ್ನುತ್ತಾರೆ. ಆ ಮಾತಿನಿಂದ ಕನ್ನಡಿಗರಿಗೆ ಏನೂ ಹೊಳೆಯುವುದಿಲ್ಲ. ಇನ್ನು ಕೆಲವರು ‘ಸಾಧಾರಣ ಮಳೆ’ ಎನ್ನುತ್ತಾರೆ. ಅದು ಮಳೆಯ ಪ್ರಮಾಣದ ಮಾತಾಗಿಬಿಡುತ್ತದೆ. ಇಲಾಖೆಯ ಲೆಕ್ಕದಲ್ಲಿ ಈ ಪದದ ಅರ್ಥ ಬಹಳ ಸರಳ. ಒಂದು ಪ್ರದೇಶದಲ್ಲಿರುವ ಮಳೆಮಾಪನ ಕೇಂದ್ರಗಳ ಪೈಕಿ ಶೇ 25ರವರೆಗಿನ ಕೇಂದ್ರಗಳಲ್ಲಿ ಮಾತ್ರ ಮಳೆಯಾದರೆ ಅದು ಐಸೊಲೇಟೆಡ್. ಇಪ್ಪತ್ತು ಮಳೆಮಾಪಕಗಳಿರುವ ಒಂದು ಜಿಲ್ಲೆಯನ್ನು ಊಹಿಸಿಕೊಂಡರೆ, ಐದು ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆ ದಾಖಲಾಗುತ್ತದೆ ಎಂದರ್ಥ. ಆ ಐದು ಕಡೆ ಹನಿಮಳೆಯೂ ಆಗಬಹುದು, ಕೆರೆ ಕೋಡಿ ಬೀಳುವಷ್ಟು ಮಳೆಯೂ ಆಗಬಹುದು; ಅದನ್ನು ಈ ಪದ ಹೇಳುವುದಿಲ್ಲ.

ಇದಕ್ಕೆ ಕನ್ನಡದಲ್ಲಿ ‘ಒಂದೆರಡು ಕಡೆ’ ಎಂಬುದೇ ಸರಿಯಾದ ಮಾತು. ಶೇ 26ರಿಂದ 50ರಷ್ಟು ಕೇಂದ್ರಗಳಲ್ಲಿ ಮಳೆ ಎಂಬುದಕ್ಕೆ ‘ಕೆಲವು ಕಡೆ’, ಶೇ 51ರಿಂದ 75ಕ್ಕೆ ‘ಹಲವು ಕಡೆ’, ಅದಕ್ಕಿಂತ ಹೆಚ್ಚಿನದಕ್ಕೆ ‘ಬಹುತೇಕ ಎಲ್ಲ ಕಡೆ’ ಎಂದು ಬರೆಯಬಹುದು. ಈ ನಾಲ್ಕನ್ನು ಒಮ್ಮೆ ಆರಿಸಿಕೊಂಡ ಮೇಲೆ ಬದಲಾಯಿಸಬಾರದು. ಇಂದು ‘ಕೆಲವು ಕಡೆ’, ನಾಳೆ ‘ಕೆಲವೆಡೆ ಚದುರಿದಂತೆ’, ನಾಡಿದ್ದು ‘ಅಲ್ಲಲ್ಲಿ’ ಎಂದು ಬರೆದರೆ, ಒಂದೇ ಮುನ್ಸೂಚನೆ ಮೂರು ದಿನ ಬಂದಿದೆ ಎಂಬುದು ಓದುವವರಿಗೆ ಗೊತ್ತಾಗುವುದೇ ಇಲ್ಲ. ಅದರಲ್ಲೂ ‘ಅಲ್ಲಲ್ಲಿ’ ಎಂಬುದು ಕಿವಿಗೆ ಹಿತವಾದ ಪದವಾದರೂ ಮೊದಲ ಎರಡು ಮಟ್ಟಗಳಿಗೂ ಒಪ್ಪುವಷ್ಟು ಸಡಿಲವಾಗಿದೆ. ಮುನ್ಸೂಚನೆಯ ವಾಕ್ಯದಲ್ಲಿ ಅದನ್ನು ಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

‘ಶವರ್ಸ್’ ಎಂಬ ಪದದ್ದು ಬೇರೆ ತೊಡಕು. ಅದನ್ನು ‘ತುಂತುರು’ ಎಂದು ಬರೆಯುವ ರೂಢಿ ಇದೆ, ಅದು ತಪ್ಪು. ತುಂತುರು, ಜಿಟಿಜಿಟಿ, ಸೋನೆ ಇವೆಲ್ಲ ಸಣ್ಣ ಹನಿಯ, ಬಹಳ ಹೊತ್ತು ಹಿಡಿಯುವ ಮಳೆಗಳು. ಶವರ್ ಎಂಬುದು ಎತ್ತರಕ್ಕೆ ಬೆಳೆದ ರಾಶಿಮೋಡದಿಂದ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ ಮಳೆ. ಅದರ ಹನಿ ದಪ್ಪ, ರಭಸ ಹೆಚ್ಚು. ‘ಸುರಿದು ನಿಲ್ಲುವ ಮಳೆ’ ಅಥವಾ ‘ಬಿಟ್ಟು ಬಿಟ್ಟು ಬರುವ ಮಳೆ’ ಎಂದರೆ ಅರ್ಥ ಕೂಡಿಕೊಳ್ಳುತ್ತದೆ. ಹಾಗಾಗಿ ‘ಐಸೊಲೇಟೆಡ್ ಶವರ್ಸ್’ ಎಂದಿದ್ದರೆ ‘ಒಂದೆರಡು ಕಡೆ ಸ್ವಲ್ಪ ಹೊತ್ತು ಸುರಿದು ನಿಲ್ಲುವ ಮಳೆ’ ಎಂದು ಬರೆಯಬೇಕು. ಮಾತು ಉದ್ದವಾಯಿತೆಂದು ಹಿಂಜರಿಯುವ ಅಗತ್ಯವಿಲ್ಲ. ರಾಗಿ ಒಣಗಲು ಹಾಕಿದವರಿಗೆ ಬೇಕಾದದ್ದು ಈ ವಿವರವೇ.

ಮೂರನೆಯ ಹಂತ: ಪ್ರಮಾಣ ಮತ್ತು ಖಚಿತತೆ

‘ಭಾರಿ ಮಳೆ’ ಎಂಬುದು ಕನ್ನಡದ ದಿನಬಳಕೆಯ ಮಾತು. ಕೊಡೆ ಹಿಡಿದರೂ ನೆನೆಯುವಂಥ ಯಾವ ಮಳೆಯನ್ನಾದರೂ ನಾವು ಹಾಗೆ ಕರೆಯುತ್ತೇವೆ. ಇಲಾಖೆಯ ಮುನ್ಸೂಚನೆಯಲ್ಲಿ ಅದಕ್ಕೆ ಗೆರೆ ಇದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರ್‌ನಿಂದ 115.5 ಮಿಲಿಮೀಟರ್‌ವರೆಗೆ ಭಾರಿ ಮಳೆ, ಅಲ್ಲಿಂದ 204.4 ಮಿಲಿಮೀಟರ್‌ವರೆಗೆ ಅತಿ ಭಾರಿ ಮಳೆ, ಅದನ್ನೂ ಮೀರಿದರೆ ಅತ್ಯಂತ ಭಾರಿ ಮಳೆ. ಭಾರಿಗಿಂತ ಕೆಳಗಿನದು, ಅಂದರೆ 15.6ರಿಂದ 64.4 ಮಿಲಿಮೀಟರ್, ಸಾಧಾರಣ ಮಳೆ; 2.5ರಿಂದ 15.5 ಮಿಲಿಮೀಟರ್ ಹಗುರ ಮಳೆ. ‘ಧಾರಾಕಾರ’, ‘ಕುಂಭದ್ರೋಣ’, ‘ಬಿರುಸಿನ’ ಮುಂತಾದ ಪದಗಳನ್ನು ಆಗಿಹೋದ ಮಳೆಯ ವರದಿಗೆ ಇಟ್ಟುಕೊಳ್ಳಬಹುದು. ಮುನ್ಸೂಚನೆಯಲ್ಲಿ ಅವು ಬಂದರೆ ಅದು ಇಲಾಖೆಯ ಯಾವ ಮಟ್ಟವೆಂದು ತಿಳಿಯುವುದಿಲ್ಲ.

ಮಿಲಿಮೀಟರ್ ಎಂಬುದು ಬಹಳ ಜನರಿಗೆ ಕಣ್ಣಿಗೆ ಕಟ್ಟುವ ಅಳತೆಯಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 30x40 ಅಡಿ ನಿವೇಶನದ ಮೇಲೆ ಭಾರಿ ಮಳೆಯ ಕನಿಷ್ಠ ಮಟ್ಟವಾದ 64.5 ಮಿಲಿಮೀಟರ್ ಸುರಿದರೆ ಸುಮಾರು 7,200 ಲೀಟರ್ ನೀರು ಬೀಳುತ್ತದೆ, ಒಂದು ಎಕರೆ ಹೊಲದ ಮೇಲಾದರೆ ಸುಮಾರು 2.6 ಲಕ್ಷ ಲೀಟರ್. ಪ್ರಕಟಣೆಯ ಕೊನೆಗೆ ಇಂಥ ಒಂದು ಸಾಲು ಸೇರಿಸಿದರೆ ಚರಂಡಿ ಬಿಡಿಸಬೇಕಾದವರಿಗೆ ಉಪಯೋಗವಾಗುತ್ತದೆ.

ಖಚಿತತೆಯನ್ನು ಹೇಳುವ ಪದಗಳಿಗೂ ಶೇಕಡಾವಾರು ಲೆಕ್ಕವಿದೆ. ಇಲಾಖೆ ‘ಲೈಕ್ಲಿ’ ಎಂದರೆ ಶೇ 25ರಿಂದ 50, ‘ವೆರಿ ಲೈಕ್ಲಿ’ ಎಂದರೆ ಶೇ 50ರಿಂದ 75, ‘ಮೋಸ್ಟ್ ಲೈಕ್ಲಿ’ ಎಂದರೆ ಶೇ 75ಕ್ಕಿಂತ ಹೆಚ್ಚು. ಇವುಗಳನ್ನು ಕ್ರಮವಾಗಿ ‘ಸಾಧ್ಯತೆ ಇದೆ’, ‘ಹೆಚ್ಚಿನ ಸಾಧ್ಯತೆ ಇದೆ’, ‘ಬಹುತೇಕ ಖಚಿತ’ ಎಂದು ಬರೆಯಬಹುದು. ಮೂರಕ್ಕೂ ‘ಮಳೆಯಾಗಲಿದೆ’ ಎಂದು ಬರೆಯುವ ಅಭ್ಯಾಸ ಪತ್ರಿಕೆಗಳ ತಲೆಬರಹಗಳಲ್ಲಿ ಬೇರೂರಿದೆ. ಅದರಿಂದ ಮಳೆ ಬಾರದ ದಿನ ‘ಇಲಾಖೆ ಹೇಳಿದ್ದು ಸುಳ್ಳಾಯಿತು’ ಎಂಬ ಮಾತು ಬರುತ್ತದೆ. ಇಲಾಖೆ ಅಂದು ಹೇಳಿದ್ದು ಅರ್ಧಕ್ಕಿಂತ ಕಡಿಮೆ ಸಾಧ್ಯತೆಯನ್ನಷ್ಟೇ ಆಗಿರಬಹುದು.

ನಾಲ್ಕನೆಯ ಹಂತ: ಗಾಳಿಯ ಪದಗಳು

‘ಸ್ಕ್ವಾಲ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದದ ಸಿದ್ಧ ಉತ್ತರವಿಲ್ಲ. ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಬರೆಯುವುದು ಸುಲಭ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಕಾದ ನೆಲದಿಂದ ಮೇಲೆದ್ದ ಗಾಳಿ ದೊಡ್ಡ ಗುಡುಗುಮೋಡವಾಗಿ ಬೆಳೆಯುತ್ತದೆ. ಅದರೊಳಗಿನ ಮಳೆಹನಿಗಳು ಕೆಳಗಿನ ಒಣ ಗಾಳಿಯಲ್ಲಿ ಬೀಳುತ್ತಾ ಆವಿಯಾಗುವಾಗ ಆ ಗಾಳಿ ತಣ್ಣಗಾಗಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಹಾಗೆ ತಣ್ಣಗಾದ ಗಾಳಿ ರಭಸದಿಂದ ಕೆಳಗಿಳಿದು, ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡುತ್ತದೆ. ಅದುವರೆಗೆ ಎಲೆ ಅಲುಗದಷ್ಟು ಸೆಖೆ ಇದ್ದ ಕಡೆ ಒಮ್ಮೆಲೇ ದೂಳೆದ್ದು, ಮೈಗೆ ತಂಪು ತಾಗಿ, ತಗಡಿನ ಚಾವಣಿ ಹಾರುವಂಥ ಗಾಳಿ ಕೆಲವು ನಿಮಿಷ ಬೀಸಿ ಇಳಿದುಹೋಗುತ್ತದೆ. ಗಾಳಿಯ ವೇಗ ಹಠಾತ್ತನೆ ಗಂಟೆಗೆ ಸುಮಾರು 30 ಕಿ.ಮೀ.ನಷ್ಟು ಏರಿ, ಕನಿಷ್ಠ 40 ಕಿ.ಮೀ. ಮುಟ್ಟಿ, ಒಂದು ನಿಮಿಷವಾದರೂ ಹಾಗೆಯೇ ಉಳಿದರೆ ಮಾತ್ರ ಅದನ್ನು ಸ್ಕ್ವಾಲ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಬಂದುಹೋಗುವುದು ‘ಗಸ್ಟ್’. ಅದನ್ನು ‘ಗಾಳಿಯ ಹೊಡೆತ’ ಎನ್ನಬಹುದು.

ಆದ್ದರಿಂದ ಸ್ಕ್ವಾಲ್ ಎಂಬುದಕ್ಕೆ ‘ದಿಢೀರ್ ಬಿರುಗಾಳಿ’ ಎಂದು ಬರೆದು, ವೇಗವನ್ನು ತಪ್ಪದೆ ಸೇರಿಸಬೇಕು. ಬರಿಯ ‘ಬಿರುಗಾಳಿ’ ಎಂದರೆ ಗಂಟೆಗಟ್ಟಲೆ ಬೀಸುವ ಗಾಳಿಯೂ ಆಗಬಹುದು. ‘ಸುಂಟರಗಾಳಿ’ ಎನ್ನುವುದಂತೂ ತಪ್ಪೇ, ಏಕೆಂದರೆ ಅದು ಸುತ್ತುವ ಗಾಳಿ, ಇದು ನೇರವಾಗಿ ನುಗ್ಗುವ ಗಾಳಿ. ಮಳೆ ನಿಂತ ಮೇಲೆ ಊರಿನಲ್ಲಿ ಸುತ್ತಾಡಿ ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುತ್ತದೆ: ದಿಢೀರ್ ಬಿರುಗಾಳಿಗೆ ಸಿಕ್ಕ ಬಾಳೆಗಿಡಗಳು ಒಂದು ಪ್ರದೇಶದಲ್ಲಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತವೆ, ಸುತ್ತುವ ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ.

ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ‘ಸ್ಕ್ವಾಲಿ ವೆದರ್’ ಎಂಬುದು ಬರುತ್ತದೆ. ಅಲ್ಲಿ ಅದು ಒಂದು ಸಲದ ಗಾಳಿಯಲ್ಲ; ಇಡೀ ದಿನ ಮತ್ತೆ ಮತ್ತೆ ಏರಿಳಿಯುವ ಗಾಳಿ. ‘ಗಂಟೆಗೆ 45ರಿಂದ 55 ಕಿ.ಮೀ. ವೇಗದ, ಆಗಾಗ 65 ಕಿ.ಮೀ.ವರೆಗೆ ಏರುವ ಬಿರುಗಾಳಿಯ ವಾತಾವರಣ’ ಎಂಬಂತೆ, ಸ್ಥಿರ ವೇಗವನ್ನೂ ಹೊಡೆತದ ವೇಗವನ್ನೂ ಬೇರೆಯಾಗಿ ಹೇಳಬೇಕು. ದೋಣಿಯ ಸುರಕ್ಷತೆಯನ್ನು ಅಳೆಯುವವರು ಮೊದಲು ನೋಡುವುದು ಆ ಎರಡನೆಯ ಅಂಕಿಯನ್ನು.

ಐದನೆಯ ಹಂತ: ಸಮುದ್ರದ ಮೇಲಿನ ಒತ್ತಡದ ಮಟ್ಟಗಳು

‘ಡಿಪ್ರೆಶನ್’ ಎಂಬುದನ್ನು ‘ಖಿನ್ನತೆ’ ಎಂದು ಬರೆದ ಪ್ರಕಟಣೆಗಳು ಕಣ್ಣಿಗೆ ಬೀಳುವುದುಂಟು. ಅಂಥ ತಪ್ಪು ಓದಿದವರಿಗೆ ಕೂಡಲೇ ತಿಳಿದುಬಿಡುತ್ತದೆ, ಅದರಿಂದ ಅಪಾಯ ಕಡಿಮೆ. ತಿಳಿಯದೆ ಉಳಿಯುವ ತಪ್ಪು ಮತ್ತೊಂದಿದೆ. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಏನು ಕಾಣಿಸಿಕೊಂಡರೂ ‘ವಾಯುಭಾರ ಕುಸಿತ’ ಎಂದೇ ಬರೆಯುತ್ತೇವೆ. ಇಲಾಖೆ ಅಲ್ಲಿ ಮೂರು ಬೇರೆ ಮಟ್ಟಗಳನ್ನು ಗುರುತಿಸುತ್ತದೆ. ಸುತ್ತುವ ಗಾಳಿಯ ವೇಗ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ‘ಕಡಿಮೆ ಒತ್ತಡದ ಪ್ರದೇಶ’. 31ರಿಂದ 49 ಕಿ.ಮೀ. ಇದ್ದರೆ ‘ವಾಯುಭಾರ ಕುಸಿತ’. 50ರಿಂದ 61 ಕಿ.ಮೀ. ಇದ್ದರೆ ‘ತೀವ್ರ ವಾಯುಭಾರ ಕುಸಿತ’. 62 ಕಿ.ಮೀ. ಮುಟ್ಟಿದಾಗ ಅದು ‘ಚಂಡಮಾರುತ’ವಾಗುತ್ತದೆ, ಹೆಸರು ಇಡುವುದೂ ಆಗಲೇ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಬೆಳವಣಿಗೆಯನ್ನು ಈ ಪದಗಳಲ್ಲಿ ಹೇಳಿ ನೋಡಿದರೆ ಅವುಗಳ ಉಪಯೋಗ ತಿಳಿಯುತ್ತದೆ. ಮೇ 13ರಂದು ಆಗ್ನೇಯ ಅರಬ್ಬಿ ಸಮುದ್ರದಲ್ಲಿ ಕಡಿಮೆ ಒತ್ತಡದ ಪ್ರದೇಶ ರೂಪುಗೊಂಡಿತು. ಮೇ 14ರ ಬೆಳಿಗ್ಗೆ ಅದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಬಲಗೊಂಡು, ಅಂದೇ ಮಧ್ಯಾಹ್ನ ತೀವ್ರ ವಾಯುಭಾರ ಕುಸಿತವಾಯಿತು. ಅದೇ ದಿನ ಮಧ್ಯರಾತ್ರಿಯ ಹೊತ್ತಿಗೆ ಚಂಡಮಾರುತವಾಗಿ ಮ್ಯಾನ್ಮಾರ್ ಸೂಚಿಸಿದ್ದ ಹೆಸರನ್ನು ಪಡೆಯಿತು. ಕರ್ನಾಟಕದ ಕರಾವಳಿಗೆ ಗಾಳಿ, ಮಳೆ, ಕಡಲ್ಕೊರೆತದ ಪೆಟ್ಟು ಬಿದ್ದದ್ದು ಅದರ ಮುಂದಿನ ಎರಡು ದಿನ, ಅದು ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುತ್ತಿದ್ದಾಗ. ಮೇ 17ರ ರಾತ್ರಿ ಅದು ಗುಜರಾತಿನ ದಡ ದಾಟಿತು. ಮೇ 14ರ ಬೆಳಿಗ್ಗೆಯಿಂದ ಮಧ್ಯರಾತ್ರಿಯವರೆಗೆ ಒಂದೇ ದಿನದಲ್ಲಿ ಮೂರು ಮಟ್ಟ ಏರಿದ್ದನ್ನು ಗಮನಿಸಬೇಕು. ಇಡೀ ದಿನ ಬಂದ ಪ್ರಕಟಣೆಗಳಲ್ಲಿ ‘ವಾಯುಭಾರ ಕುಸಿತ’ ಎಂಬ ಒಂದೇ ಪದ ಇದ್ದರೆ, ದೋಣಿಯನ್ನು ಬಂದರಿಗೆ ತರಬೇಕೇ ಎಂದು ಯೋಚಿಸುತ್ತಿರುವವರಿಗೆ ಅದು ವೇಗವಾಗಿ ಬಲಿಯುತ್ತಿದೆ ಎಂಬ ಸುಳಿವೇ ಸಿಗುವುದಿಲ್ಲ.

ಕ್ರಿಯಾಪದಗಳನ್ನೂ ಮಟ್ಟಕ್ಕೆ ತಕ್ಕಂತೆ ಆರಿಸಬೇಕು. ಒತ್ತಡದ ಪ್ರದೇಶ ‘ರೂಪುಗೊಳ್ಳುತ್ತದೆ’, ‘ಬಲಗೊಳ್ಳುತ್ತದೆ’, ‘ದುರ್ಬಲಗೊಳ್ಳುತ್ತದೆ’; ಚಂಡಮಾರುತದ ಕೇಂದ್ರ ‘ದಡ ದಾಟುತ್ತದೆ’. ‘ವಾಯುಭಾರ ಕುಸಿತ ಅಪ್ಪಳಿಸಲಿದೆ’ ಎಂಬ ಬಗೆಯ ವಾಕ್ಯ ಓದುವವರನ್ನು ಸುಮ್ಮನೆ ಬೆದರಿಸುತ್ತದೆ.

ಆರನೆಯ ಹಂತ: ಶಾಖದ ಅಲೆ

‘ಹೀಟ್‌ವೇವ್’ ಎಂಬುದಕ್ಕೆ ‘ಬಿಸಿಗಾಳಿ’, ‘ಉಷ್ಣ ಅಲೆ’, ‘ಶಾಖದ ಅಲೆ’ ಮೂರೂ ಬಳಕೆಯಲ್ಲಿವೆ. ಇಲಾಖೆಯ ಅಳತೆಯಲ್ಲಿ ಗಾಳಿಯ ಮಾತೇ ಇಲ್ಲ, ಇರುವುದು ಗರಿಷ್ಠ ಉಷ್ಣಾಂಶ ಮತ್ತು ವಾಡಿಕೆಯಿಂದ ಅದು ಎಷ್ಟು ಏರಿದೆ ಎಂಬುದು. ಗಾಳಿಯಿಲ್ಲದ ದಿನವೂ ಈ ಸ್ಥಿತಿ ಇರಬಹುದಾದ್ದರಿಂದ ‘ಶಾಖದ ಅಲೆ’ ಎಂಬುದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಈ ವಿಚಾರ ಶುರುವಾಗುತ್ತದೆ. ಅದರ ಜೊತೆಗೆ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, 6.4 ಡಿಗ್ರಿಗಿಂತ ಹೆಚ್ಚಿದ್ದರೆ ಅದು ತೀವ್ರ ಶಾಖದ ಅಲೆ. ವಾಡಿಕೆ ಏನೇ ಇದ್ದರೂ ಬಯಲಿನಲ್ಲಿ 45 ಡಿಗ್ರಿ ಮುಟ್ಟಿದರೆ ಅದೂ ಶಾಖದ ಅಲೆಯೇ. ಒಂದು ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ ಹೀಗಿದ್ದರೆ ಎರಡನೆಯ ದಿನ ಘೋಷಣೆಯಾಗುತ್ತದೆ.

ಇದರ ಪರಿಣಾಮ ಬೆಂಗಳೂರಿನಲ್ಲಿ ಚೆನ್ನಾಗಿ ಕಾಣುತ್ತದೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತು. ಅಲ್ಲಿ ಏಪ್ರಿಲ್ ತಿಂಗಳ ವಾಡಿಕೆಯ ಗರಿಷ್ಠ ಉಷ್ಣಾಂಶ 34 ಡಿಗ್ರಿಯ ಆಸುಪಾಸು. ಏರಿಕೆ ಐದು ಡಿಗ್ರಿಯಷ್ಟಾದರೂ 40ರ ಗೆರೆ ಮುಟ್ಟದ ಕಾರಣ ಈ ಲೆಕ್ಕದಲ್ಲಿ ಅದು ಶಾಖದ ಅಲೆ ಎನಿಸಿಕೊಳ್ಳುವುದಿಲ್ಲ. ಇನ್ನೊಂದು ಕಡೆ, ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ಎಂಬುದು ವಾಡಿಕೆಗೆ ಹತ್ತಿರವೇ; ಅಲ್ಲಿ 42 ಡಿಗ್ರಿ ಆದರೂ ಏರಿಕೆ ಸಾಲದೆ ಘೋಷಣೆ ಬಾರದಿರಬಹುದು. ಹೀಗಿರುವಾಗ ಬರೆಯುವವರು ಎರಡು ಕೆಲಸ ಮಾಡಬೇಕು. ಇಲಾಖೆ ಘೋಷಿಸದೆ ‘ಶಾಖದ ಅಲೆ’ ಎಂಬ ಪದವನ್ನು ಬಳಸಬಾರದು; ಘೋಷಣೆ ಇಲ್ಲದ ಸುಡುಬಿಸಿಲಿನ ದಿನಕ್ಕೆ ‘ಬಿಸಿಲಿನ ಝಳ ಹೆಚ್ಚು’ ಎಂದು ಬರೆದು, ಉಷ್ಣಾಂಶವನ್ನೂ ವಾಡಿಕೆಗಿಂತ ಎಷ್ಟು ಹೆಚ್ಚು ಎಂಬುದನ್ನೂ ಕೊಡಬೇಕು. ಘೋಷಣೆ ಇಲ್ಲವೆಂದು ಗದ್ದೆಯಲ್ಲಿ ದುಡಿಯುವವರ ಮೈಗೆ ಬಿಸಿಲು ಕಡಿಮೆಯಾಗುವುದಿಲ್ಲ.

ಏಳನೆಯ ಹಂತ: ಒಂದು ಮುನ್ಸೂಚನೆಯನ್ನು ಪೂರ್ತಿ ಬರೆದು ನೋಡುವುದು

ಜೂನ್ ತಿಂಗಳ ಒಂದು ಮುನ್ಸೂಚನೆ ಬಂದಿದೆ ಎಂದುಕೊಳ್ಳೋಣ. ಅದರಲ್ಲಿ ಕರಾವಳಿಗೆ ‘ಫೇರ್ಲಿ ವೈಡ್‌ಸ್ಪ್ರೆಡ್’, ಅಂದರೆ ಶೇ 51ರಿಂದ 75ರಷ್ಟು ಕೇಂದ್ರಗಳಲ್ಲಿ, ಹಗುರದಿಂದ ಸಾಧಾರಣ ಮಳೆ ‘ವೆರಿ ಲೈಕ್ಲಿ’ ಎಂದೂ, ಜೊತೆಗೆ ‘ಐಸೊಲೇಟೆಡ್ ಹೆವಿ’ ಮಳೆ ‘ಲೈಕ್ಲಿ’ ಎಂದೂ, ದಕ್ಷಿಣ ಒಳನಾಡಿಗೆ ಐಸೊಲೇಟೆಡ್ ಗುಡುಗುಮಳೆ ಮತ್ತು ಗಂಟೆಗೆ 40ರಿಂದ 50 ಕಿ.ಮೀ. ಗಾಳಿ ‘ಲೈಕ್ಲಿ’ ಎಂದೂ ಇದೆ. ಅವಸರದಲ್ಲಿ ಬರೆದರೆ ಇದು ‘ಕರಾವಳಿಯ ಹಲವು ಕಡೆ ಭಾರಿ ಮಳೆ, ಒಳನಾಡಿನಲ್ಲಿ ಬಿರುಗಾಳಿ’ ಎಂದಾಗುತ್ತದೆ. ಇಲ್ಲಿ ‘ಹಲವು ಕಡೆ’ ಎಂಬುದು ಸಾಧಾರಣ ಮಳೆಯನ್ನು ಬಿಟ್ಟು ಭಾರಿ ಮಳೆಗೆ ಅಂಟಿಕೊಂಡಿದೆ, ಖಚಿತತೆಯ ಪದಗಳು ಬಿದ್ದುಹೋಗಿವೆ, ಗುಡುಗಿನ ಜೊತೆ ಬರುವ ಗಾಳಿ ಸ್ವತಂತ್ರ ಬಿರುಗಾಳಿಯಾಗಿದೆ.

ಮೊದಲ ಹಂತದ ಚೀಟಿಯನ್ನು ಮುಂದಿಟ್ಟುಕೊಂಡು ಬರೆದರೆ ಅದು ಹೀಗಾಗುತ್ತದೆ: ‘ಕರಾವಳಿಯ ಹಲವು ಕಡೆ ಹಗುರದಿಂದ ಸಾಧಾರಣ ಮಳೆಯಾಗುವ ಹೆಚ್ಚಿನ ಸಾಧ್ಯತೆ ಇದೆ. ಅಲ್ಲಿನ ಒಂದೆರಡು ಕಡೆ ಮಾತ್ರ ಭಾರಿ ಮಳೆಯ ಸಾಧ್ಯತೆ ಇದೆ. ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ, ಆಗ ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ ಬೀಸುವ ಸಾಧ್ಯತೆ ಇದೆ.’ ಒಂದೇ ಉದ್ದ ವಾಕ್ಯವನ್ನು ಮೂರಾಗಿ ಒಡೆದದ್ದರಿಂದ ಯಾವ ಪದ ಯಾವುದಕ್ಕೆ ಸೇರಿದ್ದು ಎಂಬ ಗೊಂದಲ ಉಳಿಯಲಿಲ್ಲ. ಎರಡನೆಯ ವಾಕ್ಯದ ‘ಮಾತ್ರ’ ಮೂಲದಲ್ಲಿಲ್ಲದಿದ್ದರೂ ಇಟ್ಟುಕೊಳ್ಳಬಹುದು. ಆ ಹಲವು ಕಡೆಗಳ ನಡುವೆ ಭಾರಿ ಮಳೆ ಕೆಲವೇ ಜಾಗಗಳಿಗೆ ಸೀಮಿತ ಎಂಬುದನ್ನು ಅದು ಹೇಳುತ್ತದೆ.

ಬಣ್ಣದ ಎಚ್ಚರಿಕೆ ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದು. ಬಣ್ಣ ನಿರ್ಧಾರವಾಗುವುದು ಮಳೆಯ ಪ್ರಮಾಣವೊಂದರಿಂದಲ್ಲ, ಆಗಬಹುದಾದ ಹಾನಿಯನ್ನೂ ಸಾಧ್ಯತೆಯನ್ನೂ ಸೇರಿಸಿ ನೋಡಿ. ಹಾಗಾಗಿ ‘ಆರೆಂಜ್ ಅಲರ್ಟ್, ಅಂದರೆ ಇಷ್ಟು ಮಿಲಿಮೀಟರ್’ ಎಂದು ನಾವೇ ಅರ್ಥ ಕಟ್ಟಿ ಬರೆಯಬಾರದು.

ಕೊನೆಗೆ ಅವಧಿ. ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಸೋಮವಾರ ಸಂಜೆ ಬಿದ್ದ ಮಳೆ ಮಂಗಳವಾರ ಬೆಳಿಗ್ಗೆಯ ಲೆಕ್ಕದಲ್ಲಿ ಬರುತ್ತದೆ. ಆದ್ದರಿಂದ ಪ್ರಕಟಣೆಯಲ್ಲಿ ‘ಇಂದು’, ‘ನಾಳೆ’ ಎಂದಷ್ಟೇ ಬರೆಯದೆ, ‘ಜೂನ್ 12ರ ಬೆಳಿಗ್ಗೆ 8.30ರವರೆಗೆ’ ಎಂಬಂತೆ ದಿನಾಂಕ ಮತ್ತು ಗಂಟೆಯನ್ನು ಕೊಡಬೇಕು. ಮುನ್ಸೂಚನೆ ಹೊರಟ ಸಮಯವನ್ನೂ ಮೇಲಿನ ಸಾಲಿನಲ್ಲಿ ನಮೂದಿಸಬೇಕು. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಸಾಗಿದ ಪ್ರಕಟಣೆ ಎರಡು ದಿನ ಬಿಟ್ಟು ಯಾರಿಗೋ ತಲುಪಿದಾಗ, ಅದು ಹಳೆಯದು ಎಂದು ಅವರಿಗೆ ತಿಳಿಯುವುದು ಆ ಒಂದು ಸಾಲಿನಿಂದ.